ಬೆಟ್ಟದ ಚಿತ್ರಕ್ಕೊಂದು ಕೈಬರಹದ ಲೆಕ್ಕ

ಡಿಸೆಂಬರ್ ಬಂತೆಂದರೆ ನಮ್ಮಂಥ ಡಿಟಿಪಿ, ಫ್ಲೆಕ್ಸ್ ಅಂಗಡಿಯವರಿಗೆ ಕ್ಯಾಲೆಂಡರ್ ಸುಗ್ಗಿ. ಪಾವಗಡದಲ್ಲಿ ಕ್ಯಾಲೆಂಡರ್ ಮಾಡಿಸುವವರು ಹೆಚ್ಚಾಗಿ ಕೇಳುವುದು ಶನಿಮಹಾತ್ಮ ಸ್ವಾಮಿಯ ಚಿತ್ರವನ್ನು. ಹೋದ ವರ್ಷ ಎಣ್ಣೆ ಗಾಣದ ಯಜಮಾನರೊಬ್ಬರು ಬೇರೆಯದೇ ಆಸೆ ಇಟ್ಟುಕೊಂಡು ಬಂದರು. ಊರ ಬೆಟ್ಟ ಬೇಕು, ಮೇಲೆ ಕೋಟೆ ಗೋಡೆ ಕಾಣಬೇಕು, ಮುಂದೆ ಕಡ್ಲೆಕಾಯಿ ಹೊಲ ಇರಬೇಕು. ಫೋಟೊ ಬೇಡ, ಬಣ್ಣದಲ್ಲಿ ಬಿಡಿಸಿದ ಹಾಗಿರಬೇಕು. ಫೋಟೊ ಅವರೇ ಫೋನಿನಲ್ಲಿ ತೆಗೆದಿದ್ದರು.

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಇತ್ತು. 2022ರ ಆಗಸ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಸ್ವಂತ ಯಂತ್ರದಲ್ಲೇ ಓಡುವ ಚಿತ್ರ ತಯಾರಿಸುವ ಎಐ ಅದು. ಅವರ ಫೋಟೊವನ್ನೇ ಆಧಾರವಾಗಿ ಕೊಟ್ಟು ನಾಲ್ಕು ಚಿತ್ರ ತೆಗೆದು ತೋರಿಸಿದೆ. ಮೂರನೆಯದು ಅವರಿಗೆ ಹಿಡಿಸಿತು. "ಇದೇ ಇರಲಿ, ಆಕಾಶ ಸ್ವಲ್ಪ ತಿಳಿ ಮಾಡಪ್ಪ" ಎಂದು ಹೇಳಿ ಹೋದರು. ನಾನು ಚೀಟಿಯ ಮೇಲೆ ಒಂದು ನಂಬರು ಗೀಚಿಕೊಂಡೆ. ಮೂರು ದಿನ ಬಿಟ್ಟು ಅದೇ ನಂಬರು ಹಾಕಿ ಒತ್ತಿದರೆ ಬಂದದ್ದು ಬೇರೆ ಚಿತ್ರ. ಯಜಮಾನರು ಪರದೆ ನೋಡಿ, "ಇದು ನಮ್ಮ ಬೆಟ್ಟ ಅಲ್ಲ ಕಣಪ್ಪ, ಮೊನ್ನೆ ತೋರಿಸಿದ್ಯಲ್ಲ, ಅದು" ಎಂದರು. ಎರಡು ಸಂಜೆ ಹುಡುಕಿದರೂ ಅದು ಕೈಗೆ ಹತ್ತಲಿಲ್ಲ. ಎಲ್ಲಿ ತಪ್ಪಿದ್ದೆ ಎಂಬುದು ಆಮೇಲೆ ಗೊತ್ತಾಯಿತು, ಮುಂದೆ ಹೇಳುತ್ತೇನೆ. ಅವತ್ತಿನಿಂದ ಒಂದು ನೂರು ಪುಟದ ನೋಟ್ ಪುಸ್ತಕ ಮೌಸಿನ ಪಕ್ಕದಲ್ಲೇ ಇದೆ. ಅದನ್ನು ಬರೆಯುವ ಕ್ರಮ ಇಲ್ಲಿದೆ. ಪರದೆಯ ಹೆಸರುಗಳನ್ನು ನಾನು ಬಳಸುವ AUTOMATIC1111 ಮುಖಪುಟದಲ್ಲಿ ಇರುವ ಹಾಗೆಯೇ ಕೊಟ್ಟಿದ್ದೇನೆ. ಬೇರೆ ಮುಖಪುಟ ಬಳಸುವವರಿಗೂ ಇವೇ ಗುಂಡಿಗಳು ಸ್ವಲ್ಪ ಬೇರೆ ಜಾಗದಲ್ಲಿ ಸಿಗುತ್ತವೆ.

ಹಂತ 1: ಸೀಡ್ ಎಂದರೇನೆಂದು ಮೊದಲು ತಿಳಿದುಕೊಳ್ಳಿ

ನಮ್ಮ ಕಡೆ ಬೀಜ ಎಂದರೆ ಕಡ್ಲೆಬೀಜ. ಒಂದೇ ಮೂಟೆಯ ಬೀಜ ಬಿತ್ತಿದರೆ ಒಂದೇ ಜಾತಿಯ ಬೆಳೆ. `Seed` ಎಂಬ ಹೆಸರು ನೋಡಿ ಇಲ್ಲಿಯೂ ಹಾಗೇ ಎಂದುಕೊಂಡರೆ ಮೋಸ ಹೋಗುತ್ತೀರಿ. ಇದು ಬರೀ ಒಂದು ಸಂಖ್ಯೆ. ಹಳೆಯ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಕಾಣುತ್ತಿದ್ದ ಚುಕ್ಕಿ ಚುಕ್ಕಿ ಗಲೀಜನ್ನು ನೆನಪಿಸಿಕೊಳ್ಳಿ. ಕಂಪ್ಯೂಟರು ಅಂಥದ್ದೇ ಚುಕ್ಕಿಗಳನ್ನು ನಿಮ್ಮ ಫೋಟೊದ ಮೇಲೆ ಎರಚುತ್ತದೆ. ಆಮೇಲೆ ನೀವು ಬರೆದ ಮಾತನ್ನು ನೋಡಿಕೊಂಡು ಹಂತ ಹಂತವಾಗಿ ಆ ಚುಕ್ಕಿಗಳನ್ನು ಒರೆಸುತ್ತಾ ಚಿತ್ರ ಬಿಡಿಸುತ್ತದೆ. ಯಾವ ಚುಕ್ಕಿ ಎಲ್ಲಿ ಬೀಳಬೇಕು ಎಂದು ತೀರ್ಮಾನಿಸುವುದು ಸೀಡ್. ಎಷ್ಟು ಎರಚಬೇಕು ಎಂದು ತೀರ್ಮಾನಿಸುವುದು `Denoising strength`.

ಹಾಗಾಗಿ ಫೋಟೊ, ಮಾತು, ಸೀಡ್, ಸೆಟ್ಟಿಂಗು ಎಲ್ಲವೂ ಅವೇ ಇದ್ದರೆ ಅದೇ ಯಂತ್ರದಲ್ಲಿ ಅದೇ ಚಿತ್ರ ಬರುತ್ತದೆ. ಒಂದು ಬದಲಾದರೂ ಚಿತ್ರ ಬದಲಾಗುತ್ತದೆ. ಇನ್ನೊಂದು ಮಾತು: 4100ರ ಸೀಡ್ ಚೆನ್ನಾಗಿ ಬಂದಿದೆ, 4101 ಅದರ ಹತ್ತಿರದ್ದೇ ಇರಬಹುದು ಎಂದು ಲೆಕ್ಕ ಹಾಕಬೇಡಿ. ಬೀದಿಯಲ್ಲಿ ಪಕ್ಕಪಕ್ಕದ ಮನೆ ನಂಬರಿನವರೆಲ್ಲ ನೆಂಟರಲ್ಲ. ಇವೂ ಅಷ್ಟೇ.

ಸೀಡ್ ಜಾಗದಲ್ಲಿ `-1` ಇದ್ದರೆ ಪ್ರತಿ ಸಲವೂ ಹೊಸ ಸಂಖ್ಯೆಯನ್ನು ಕಂಪ್ಯೂಟರೇ ಆರಿಸಿಕೊಳ್ಳುತ್ತದೆ. ಹೊಸಬರು ಗಂಟೆಗಟ್ಟಲೆ `-1`ರಲ್ಲೇ ಓಡಿಸುತ್ತಾ "ಮಾತು ಬದಲಿಸಿದೆ, ಚಿತ್ರ ಸುಧಾರಿಸಿತು" ಎನ್ನುತ್ತಿರುತ್ತಾರೆ. ಸುಧಾರಿಸಿದ್ದು ಮಾತಿನಿಂದಲೋ ಸೀಡಿನಿಂದಲೋ ಹೇಳಲು ಅವರ ಹತ್ತಿರ ದಾರಿಯೇ ಇರುವುದಿಲ್ಲ.

ಹಂತ 2: ಆಧಾರ ಚಿತ್ರವನ್ನು ಒಮ್ಮೆ ಕತ್ತರಿಸಿ, ಆಮೇಲೆ ಮುಟ್ಟಬೇಡಿ

ಫೋನಿನ ಫೋಟೊವನ್ನು ಹಾಗೇ `img2img` ಪುಟಕ್ಕೆ ಎಳೆದು ಹಾಕಿದರೆ ಅದರ ಅಳತೆ ಒಂದು, ನೀವು ಕೇಳಿದ ಚಿತ್ರದ ಅಳತೆ ಇನ್ನೊಂದು. ಆಗ ಅದನ್ನು ಎಳೆಯುವುದೋ ಕತ್ತರಿಸುವುದೋ ಎಂಬುದನ್ನು `Resize mode` ತೀರ್ಮಾನಿಸುತ್ತದೆ. ಅದು ಇನ್ನೊಂದು ಬದಲಾಗಬಲ್ಲ ವಿಷಯವಾಗಿ ಸೇರಿಕೊಳ್ಳುತ್ತದೆ. ಬೇಡವೇ ಬೇಡ. ಫೋಟೊ ಎಡಿಟರಿನಲ್ಲಿ ಮೊದಲೇ 768x512ಕ್ಕೆ ಕತ್ತರಿಸಿ, ಪಿಎನ್‌ಜಿ ಮಾಡಿ, ಒಂದು ಹೆಸರು ಕೊಟ್ಟು ಇಡಿ. ನನ್ನದು `betta_ref_768x512.png`. ನಾನು ಬಳಸುವುದು ಹಳೆಯ 1.5 ಮಾಡೆಲ್. ಅದನ್ನು 512ರ ಅಳತೆಯಲ್ಲಿ ಕಲಿಸಿರುವುದರಿಂದ ಅಡ್ಡ ಚಿತ್ರಕ್ಕೆ ಈ ಅಳತೆ ಹೊಂದುತ್ತದೆ.

ಕತ್ತರಿಸುವಾಗ ಒಂದು ನಿಮಿಷ ಯೋಚಿಸಿ. ಯಜಮಾನರ ಫೋಟೊದ ಮೇಲ್ಭಾಗದಲ್ಲಿ ಕರೆಂಟ್ ತಂತಿ, ಎಡಕ್ಕೆ ಅರ್ಧ ಟ್ರ್ಯಾಕ್ಟರ್ ಇದ್ದವು. ಟ್ರ್ಯಾಕ್ಟರನ್ನು ಕತ್ತರಿಸಿ ತೆಗೆದೆ. ತಂತಿ ಬಿಟ್ಟೆ, ಯಾಕೆಂದರೆ ಅದನ್ನು ತೆಗೆಯಲು ಹೋದರೆ ಬೆಟ್ಟದ ತುದಿಯೂ ಹೋಗುತ್ತಿತ್ತು.

ಮೂಲ ಫೋಟೊ ವಾಟ್ಸಾಪಿನಲ್ಲಿ ಬಂದಿದ್ದರೆ ಅದು ಈಗಾಗಲೇ ಕುಗ್ಗಿರುತ್ತದೆ. ಅದೇ ಫೋಟೊವನ್ನು ಅವರು ಮತ್ತೆ ಕಳಿಸಿದರೆ ಅದನ್ನು ಬಳಸಬೇಡಿ. ಕಣ್ಣಿಗೆ ಒಂದೇ ಥರ ಕಂಡರೂ ಒಳಗಿನ ಪಿಕ್ಸೆಲ್ಲುಗಳು ಒಂದೇ ಇರುತ್ತವೆಂದು ಹೇಳಲಾಗದು. ಮೊದಲು ಕತ್ತರಿಸಿಟ್ಟ ಫೈಲೇ ಕೊನೆಯವರೆಗೂ ಆಧಾರ.

ಹಂತ 3: ಪುಸ್ತಕದ ಮೊದಲ ಪುಟ

ಪ್ರತಿ ಕೆಲಸಕ್ಕೂ ಹೊಸ ಪುಟ. ಪುಟದ ನೆತ್ತಿಯಲ್ಲಿ, ಕೆಲಸ ಮುಗಿಯುವ ತನಕ ಬದಲಿಸುವುದಿಲ್ಲ ಎಂದು ನೀವೇ ಶಪಥ ಮಾಡಿಕೊಂಡ ಸಂಗತಿಗಳನ್ನು ಬರೆಯಿರಿ. ನನ್ನ ಪುಟದ ನೆತ್ತಿ ಹೀಗಿತ್ತು:

```
ಆಧಾರ   : betta_ref_768x512.png
Model  : v1-5-pruned-emaonly.safetensors
Sampler: DPM++ 2M Karras
Steps  : 30      CFG scale: 7
Size   : 768x512
```

ಅದರ ಕೆಳಗೆ ಗೆರೆ ಎಳೆದು ಏಳು ಕಲಮುಗಳು: ಸಾಲಿನ ಸಂಖ್ಯೆ, ತಾಯಿ, ಸೀಡ್, ಡಿನಾಯ್ಸಿಂಗ್, ಬದಲಿಸಿದ್ದು, ಕಂಡದ್ದು, ತೀರ್ಪು. 'ತಾಯಿ' ಎಂದರೆ ಈ ಚಿತ್ರವನ್ನು ಯಾವ ಚಿತ್ರದ ಮೇಲೆ ತೆಗೆದಿರಿ ಎಂಬುದು. ಮೂಲ ಫೋಟೊ ಆದರೆ 'ಆಧಾರ' ಎಂದು ಬರೆಯಿರಿ. ಈ ಕಲಮನ್ನು ನಾನು ಮೊದಲು ಹಾಕಿರಲಿಲ್ಲ. ಏಟು ತಿಂದ ಮೇಲೆ ಅಂಚಿನಲ್ಲಿ ತುರುಕಿದೆ. ನೀವು ಮೊದಲೇ ಹಾಕಿಕೊಳ್ಳಿ.

'ಎಲ್ಲವೂ ಪಿಎನ್‌ಜಿ ಫೈಲಿನೊಳಗೇ ಇರುತ್ತದಲ್ಲ, ಬರೆಯುವುದೇಕೆ' ಎಂದು ತಿಳಿದವರು ಕೇಳುತ್ತಾರೆ. ನಿಜ, ಈ ಮುಖಪುಟ ತೆಗೆದ ಪ್ರತಿ ಪಿಎನ್‌ಜಿಯ ಒಳಗೂ ಮಾತು, ಸೀಡ್, ಸೆಟ್ಟಿಂಗು ಬರೆದಿರುತ್ತದೆ. `PNG Info` ಪುಟಕ್ಕೆ ಆ ಫೈಲನ್ನು ಎಳೆದು ಬಿಟ್ಟರೆ ಓದಿ ಹೇಳುತ್ತದೆ. ಆದರೆ ಯಾವ ಫೋಟೊದ ಮೇಲೆ ತೆಗೆದದ್ದು ಎಂಬುದು ಅದರಲ್ಲಿ ಇರುವುದಿಲ್ಲ. ಸೆಟ್ಟಿಂಗಿನಲ್ಲಿ ಬೇರೆಯಾಗಿ ಕೇಳಿದರೆ ಮಾತ್ರ ಅದರ ಗುರುತು ಸೇರುತ್ತದೆ. ಯಾಕೆ ಬದಲಿಸಿದಿರಿ, ನೋಡಿ ಏನನಿಸಿತು, ಗಿರಾಕಿ ಏನೆಂದರು, ಇವಂತೂ ಎಲ್ಲಿಯೂ ಇರುವುದಿಲ್ಲ. ಇನ್ನು ಗಿರಾಕಿಗೆ ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಜೆಪೆಗ್ ಆಗಿ ಒಳಗಿನ ಬರಹ ಪೂರಾ ಅಳಿಸಿ ಹೋಗುತ್ತದೆ. ಅವರು ಅದನ್ನೇ ತಿರುಗಿ ಕಳಿಸಿ "ಇದು" ಎಂದರೆ ನಿಮಗೆ ಯಾವ ಸುಳಿವೂ ಸಿಗದು. ಆದ್ದರಿಂದ ಕಳಿಸುವ ಮೊದಲು ಚಿತ್ರದ ಮೂಲೆಯಲ್ಲಿ ಸಾಲಿನ ಸಂಖ್ಯೆಯನ್ನು ಸಣ್ಣದಾಗಿ ಬರೆದೇ ಕಳಿಸುತ್ತೇನೆ.

ಹಂತ 4: ಸೀಡ್ ಆರಿಸುವುದು, ಮತ್ತು ನಾನು ಬಿದ್ದ ಗುಂಡಿ

ಮೊದಲ ಸುತ್ತಿಗೆ ಸೀಡ್ `-1` ಇರಲಿ, `Batch count` 4 ಇರಲಿ. ಡಿನಾಯ್ಸಿಂಗ್ 0.60. ಮಾತು ಸರಳವಾಗಿರಲಿ. ಇಲ್ಲಿ ಕನ್ನಡದಲ್ಲಿ ಬರೆದರೆ ಈ ಮಾಡೆಲ್ಲಿಗೆ ತಿಳಿಯದು; ಅದು ಕಲಿತದ್ದು ಬಹುಪಾಲು ಇಂಗ್ಲಿಷ್ ವಿವರಣೆಗಳಿಂದ. ನಾನು ಶುರು ಮಾಡಿದ್ದು ಹೀಗೆ:

```
watercolor painting, granite hill with fort, groundnut field in front, morning light
Negative prompt: text, watermark, people
```

ನಾಲ್ಕು ಚಿತ್ರ ಬಂದವು, ಜೊತೆಗೆ ನಾಲ್ಕನ್ನೂ ಒಟ್ಟಿಗೆ ತೋರಿಸುವ ಒಂದು ಚೌಕದ ಹಾಳೆಯೂ ಬಂತು. ಯಜಮಾನರು ಬೆರಳಿಟ್ಟದ್ದು ಹಾಳೆಯ ಮೂರನೆಯ ಚಿತ್ರದ ಮೇಲೆ. ಹಾಳೆಯ ಕೆಳಗೆ ಕಂಡ ಸೀಡ್ 3127450. ಅದನ್ನೇ ಚೀಟಿಯಲ್ಲಿ ಬರೆದುಕೊಂಡೆ. ತಪ್ಪಿದ್ದು ಅಲ್ಲೇ. ಹಾಳೆಯ ಕೆಳಗೆ ಕಾಣುವುದು ಮೊದಲ ಚಿತ್ರದ ಸೀಡ್. ಆಮೇಲಿನ ಒಂದೊಂದು ಚಿತ್ರಕ್ಕೂ ಒಂದೊಂದು ಕೂಡುತ್ತಾ ಹೋಗುತ್ತದೆ. ಮೂರನೆಯದರ ಸೀಡ್ 3127452. ಎರಡೇ ಎರಡು ಅಂಕಿಯ ವ್ಯತ್ಯಾಸಕ್ಕೆ ಎರಡು ಸಂಜೆ ಹೋದವು. ಸಾಲದ್ದಕ್ಕೆ ಡಿನಾಯ್ಸಿಂಗ್ ಎಷ್ಟಿತ್ತೆಂದು ಬರೆದಿರಲಿಲ್ಲ. ನಡುವೆ ಒಮ್ಮೆ ಕರೆಂಟ್ ಹೋಗಿ ಕಂಪ್ಯೂಟರ್ ಆರಿದ್ದರಿಂದ ಪರದೆಯ ಮೇಲಿದ್ದ ಅಂಕಿಗಳೂ ಮೊದಲಿನ ಸ್ಥಿತಿಗೆ ಹೋಗಿದ್ದವು. ದೇಶದ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು ನಮ್ಮ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್ ಮಾಡುತ್ತದೆ, ಆದರೂ ನಮ್ಮ ಅಂಗಡಿಗೆ ಯುಪಿಎಸ್ ಬೇಕೇ ಬೇಕು. ಅದಿರಲಿ.

ಆದ್ದರಿಂದ ಸೀಡನ್ನು ಹಾಳೆಯಿಂದ ಬರೆದುಕೊಳ್ಳಬೇಡಿ. ಬೇಕಾದ ಚಿತ್ರವೊಂದನ್ನೇ ಒತ್ತಿ ದೊಡ್ಡದು ಮಾಡಿ, ಅದರ ಕೆಳಗೆ ಕಾಣುವ ಸಂಖ್ಯೆಯನ್ನು ಬರೆಯಿರಿ. ಇಲ್ಲವೇ ಆ ಒಂದು ಫೈಲನ್ನು `PNG Info`ಗೆ ಹಾಕಿ ಓದಿ. ಆಮೇಲೆ ಆ ಸಂಖ್ಯೆಯನ್ನು `Seed` ಜಾಗದಲ್ಲಿ ಟೈಪ್ ಮಾಡಿ, `Batch count` 1ಕ್ಕೆ ಇಳಿಸಿ, ಒಮ್ಮೆ ಒತ್ತಿ. ಅದೇ ಚಿತ್ರ ಬಂತೇ? ಬಂದರೆ ಅದು ಪುಸ್ತಕದ ಸಾಲು 1. ಬರದಿದ್ದರೆ ಮುಂದೆ ಹೋಗಬೇಡಿ, ಎಲ್ಲೋ ಒಂದು ಅಂಕಿ ತಪ್ಪಿದೆ.

ಹಂತ 5: ಒಂದೇ ಸೀಡ್, ನಾಲ್ಕು ಮೆಟ್ಟಿಲು

ಸೀಡ್ ನಿಂತ ಮೇಲೆ ಮೊದಲು ಗೊತ್ತು ಮಾಡಬೇಕಾದದ್ದು ಡಿನಾಯ್ಸಿಂಗ್. ಮಾತನ್ನು ಇನ್ನೂ ಮುಟ್ಟಬೇಡಿ. 0.30, 0.45, 0.60, 0.75 ಎಂದು ನಾಲ್ಕು ಸಲ ಓಡಿಸಿ. ಕೆಳಗಿನ `Script` ಪಟ್ಟಿಯಲ್ಲಿ `X/Y/Z plot` ಆರಿಸಿದರೆ ನಾಲ್ಕನ್ನೂ ಒಂದೇ ಸಲಕ್ಕೆ ಸಾಲಾಗಿ ಕೊಡುತ್ತದೆ. ಆದರೆ ಮೊದಲ ಸಲ ಕೈಯಲ್ಲೇ ಮಾಡಿ ನೋಡುವುದು ಒಳ್ಳೆಯದು, ಕಣ್ಣು ಪಳಗುತ್ತದೆ.

ನನಗೆ ಕಂಡದ್ದನ್ನು ಪುಸ್ತಕದಲ್ಲಿ ಇದ್ದ ಹಾಗೇ ಕೊಡುತ್ತೇನೆ. 0.30ರಲ್ಲಿ ಫೋಟೊ ಫೋಟೊವಾಗಿಯೇ ಉಳಿದಿದೆ, ತಂತಿಯೂ ಇದೆ, ಮೇಲೊಂದು ತೆಳು ಬಣ್ಣ ಬಳಿದ ಹಾಗಿದೆ. 0.45ರಲ್ಲಿ ಕುಂಚದ ಗುರುತು ಮೂಡಿದೆ, ತಂತಿ ಮಸುಕಾಗಿದೆ. 0.60ರಲ್ಲಿ ಜಲವರ್ಣವೇ ಆಗಿದೆ, ತಂತಿ ಹೋಗಿದೆ, ಬೆಟ್ಟದ ಹೊರಗೆರೆ ಉಳಿದಿದೆ, ಆದರೆ ಕೋಟೆ ನಮ್ಮದಲ್ಲ. 0.75ರಲ್ಲಿ ಬೆಟ್ಟವೇ ಬೇರೆ. ತುದಿಯಲ್ಲಿ ಹಿಮದಂಥ ಬಿಳಿ. ಪಾವಗಡದಲ್ಲಿ ಹಿಮ!

ಈ ಮುಖಪುಟದಲ್ಲಿ ಹೊಸಬರ ತಲೆ ತಿನ್ನುವ ಒಂದು ವಿಷಯ ಇದೆ. `Sampling steps` 30 ಎಂದು ನೀವು ಹಾಕಿದ್ದರೂ `img2img`ನಲ್ಲಿ ಅದು ಅಷ್ಟೂ ಹಂತ ಓಡುವುದಿಲ್ಲ. ಮೂವತ್ತನ್ನು ಡಿನಾಯ್ಸಿಂಗಿನಿಂದ ಗುಣಿಸಿದಷ್ಟು ಮಾತ್ರ ಓಡುತ್ತದೆ, 0.60ಕ್ಕೆ ಸುಮಾರು 18, 0.30ಕ್ಕೆ ಸುಮಾರು 9. ಹಾಗಾಗಿ ಸಣ್ಣ ಡಿನಾಯ್ಸಿಂಗಿನಲ್ಲಿ ಚಿತ್ರ ಬೇಗ ಬಂದರೆ ಗಾಬರಿ ಬೇಡ.

ಮೆಟ್ಟಿಲು ಮುಗಿದಾಗ 0.60 ಎಂದು ಗುರುತು ಹಾಕಿದೆ. ಬೆಟ್ಟದ ರೂಪು ಉಳಿದು ಫೋಟೊತನ ಹೋಗಿರುವುದು ಅಲ್ಲಿಯೇ. ಕೋಟೆಯ ತೊಂದರೆ ಮಾತಿನದು, ಅದನ್ನು ಮಾತಿನಲ್ಲೇ ಸರಿ ಮಾಡಬೇಕು.

ಹಂತ 6: ಮಾತು ಬದಲಿಸುವುದು, ಒಂದು ಸಲಕ್ಕೆ ಒಂದೇ

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಪುಸ್ತಕ ನಿಜವಾಗಿ ಸಂಬಳ ದುಡಿಯುವುದು ಇಲ್ಲಿಯೇ.

ಬದಲಿಸಿದ ಮಾತನ್ನು ಪೂರ್ತಿಯಾಗಿ ಮತ್ತೆ ಮತ್ತೆ ಬರೆಯಬೇಡಿ. ಕೈ ಸೋತು ಎರಡನೆಯ ದಿನ ಬಿಟ್ಟುಬಿಡುತ್ತೀರಿ. ತೆಗೆದದ್ದಕ್ಕೆ ಕಳೆಯುವ ಗುರುತು, ಸೇರಿಸಿದ್ದಕ್ಕೆ ಕೂಡುವ ಗುರುತು ಹಾಕಿ, ಅಷ್ಟನ್ನೇ ಬರೆಯಿರಿ. ಯಾವ ಸಾಲಿನ ಮಾತನ್ನು ಬದಲಿಸುತ್ತಿದ್ದೀರಿ ಎಂಬುದನ್ನೂ ಬರೆಯಿರಿ, ಏಕೆಂದರೆ ಯಾವಾಗಲೂ ಅದು ಹಿಂದಿನ ಸಾಲೇ ಆಗಿರುವುದಿಲ್ಲ. ನನ್ನ ಪುಟದ ಒಂದು ತುಂಡು:

```
06 (04ರ ಮೇಲೆ)  - fort   + old stone wall
07 (04ರ ಮೇಲೆ)  - fort   + ruined stone rampart along the ridge
08 (07ರ ಮೇಲೆ)  - groundnut field   + low green crop, red soil
09 (08ರ ಮೇಲೆ)  + pale blue sky
```

ಸಾಲು 4 ಎಂದರೆ 0.60ರ ಚಿತ್ರ, ಮೊದಲ ಮಾತಿನಲ್ಲೇ ತೆಗೆದದ್ದು. ಅದರಲ್ಲಿ ಬೆಟ್ಟದ ಮೇಲೆ ಚೂಪು ಗೋಪುರಗಳು, ಬಾವುಟದ ಕಂಬ, ಯಾವುದೋ ಯೂರೋಪಿನ ಅರಮನೆ. ಮಾಡೆಲ್ಲಿಗೆ `fort` ಎಂದರೆ ಮೊದಲು ನೆನಪಾಗುವುದು ಅದೇ, ಅದು ನೋಡಿ ಕಲಿತ ಚಿತ್ರಗಳಲ್ಲಿ ಅಂಥವೇ ಹೆಚ್ಚು. ನಮ್ಮ ಕೋಟೆಯೆಂದರೆ ಬಂಡೆಯ ಮೈಮೇಲೆ ಹಾವಿನ ಹಾಗೆ ಹತ್ತಿ ಹೋಗುವ ಕಲ್ಲು ಗೋಡೆ. ಮಧುಗಿರಿಯದೂ ಹಾಗೇ. ಆದ್ದರಿಂದ ಹೆಸರು ಬಿಟ್ಟು ಕಣ್ಣಿಗೆ ಕಾಣುವುದನ್ನು ಹೇಳಬೇಕು. ಸಾಲು 6ರಲ್ಲಿ ಗೋಪುರ ಹೋಯಿತು, ಆದರೆ ಗೋಡೆ ಬೆಟ್ಟದಿಂದ ಇಳಿದು ಬಂದು ಹೊಲದ ಕಾಂಪೌಂಡ್ ಆಗಿ ಕೂತಿತು. ಎಲ್ಲಿ ಇರಬೇಕು ಎಂದು ನಾನು ಹೇಳಿರಲಿಲ್ಲ. ಸಾಲು 7ರಲ್ಲಿ ಬೆಟ್ಟದ ಏಣಿನ ಉದ್ದಕ್ಕೂ ಎಂದು ಸೇರಿಸಿದೆ, ಗೋಡೆ ಮೇಲೆ ಹೋಗಿ ಕೂತಿತು.

ಸಾಲು 6 ಕೆಲಸಕ್ಕೆ ಬಾರದ್ದು, ಆದರೂ ಅದನ್ನು ಹೊಡೆದು ಹಾಕಬೇಡಿ. ತೀರ್ಪಿನ ಕಲಮಿನಲ್ಲಿ 'ಬೇಡ, ಗೋಡೆ ಹೊಲಕ್ಕೆ ಬಂತು' ಎಂದು ಬರೆಯಿರಿ. ಎರಡು ವಾರ ಬಿಟ್ಟು ನೀವೇ ಮತ್ತೆ ಅದೇ ಮಾತನ್ನು ಹೊಸದಾಗಿ ಹೊಳೆದಂತೆ ಹಾಕಲು ಹೋಗುತ್ತೀರಿ. ನಾನು ಹೋಗಿದ್ದೇನೆ.

ಕಡ್ಲೆಕಾಯಿ ಹೊಲದ್ದೂ ಅದೇ ಕಥೆ. `groundnut field` ಎಂದಾಗ ಎದೆಮಟ್ಟದ ಪೊದೆಗಳು ಬಂದವು, ಎಲ್ಲಿಯ ಬೆಳೆಯೋ ಏನೋ. ನೆಲಕ್ಕೆ ಹತ್ತಿದ ಹಸಿರು, ಕೆಂಪು ಮಣ್ಣು ಎಂದು ಬದಲಿಸಿದ ಮೇಲೆ ಹೊಲ ನಮ್ಮದಾಯಿತು. ಆದರೆ ಆಕಾಶವೂ ಕೆಂಪಾಯಿತು. ಇದು ಈ ಮಾಡೆಲ್ಲುಗಳ ಹಳೆಯ ಚಾಳಿ. ಒಂದು ವಸ್ತುವಿಗೆ ಹೇಳಿದ ಬಣ್ಣ ಪಕ್ಕದ ವಸ್ತುವಿಗೂ ಸೋರುತ್ತದೆ. ಕಂಡದ್ದು ಎಂಬ ಕಲಮಿನಲ್ಲಿ 'ಹೊಲ ಸರಿ, ಆಕಾಶಕ್ಕೆ ಕೆಂಪು ಸೋರಿದೆ' ಎಂದು ಬರೆದಿದ್ದರಿಂದ ಮುಂದಿನ ಸಾಲಿಗೆ ಏನು ಮಾಡಬೇಕೆಂದು ಯೋಚಿಸುವ ಕೆಲಸವೇ ಉಳಿಯಲಿಲ್ಲ. ಆಕಾಶಕ್ಕೂ ಅದರದೇ ಬಣ್ಣ ಹೇಳಿದೆ. ತಿಳಿ ನೀಲಿ. ಯಜಮಾನರು ಮೊದಲ ದಿನ ಕೇಳಿದ್ದೂ ಅದೇ ತಾನೆ.

ಈಗ ಯೋಚಿಸಿ: ಗೋಡೆ, ಹೊಲ, ಆಕಾಶ ಮೂರನ್ನೂ ಒಂದೇ ಏಟಿಗೆ ಬದಲಿಸಿದ್ದರೆ? ಚಿತ್ರ ಬಂದಿರುತ್ತಿತ್ತು. ಕೆಂಪು ಎಲ್ಲಿಂದ ಬಂತು ಎಂದು ಗೊತ್ತಾಗುತ್ತಿರಲಿಲ್ಲ. ಬೆಳಗಿನ ಬೆಳಕು ಎಂಬ ಮಾತಿನ ಮೇಲೆ ಅನುಮಾನ ಪಟ್ಟು ಅದನ್ನು ಕಿತ್ತು ಹಾಕುತ್ತಿದ್ದೆ.

'ಕಂಡದ್ದು' ಕಲಮಿನಲ್ಲಿ 'ಚೆನ್ನಾಗಿದೆ', 'ಸುಮಾರು' ಎಂದು ಬರೆಯುವುದು ಬರೆಯದೆ ಇದ್ದ ಹಾಗೆ. ಕಣ್ಣು ಎಲ್ಲಿ ನಿಂತಿತೋ ಅಲ್ಲಿಯದನ್ನು ಬರೆಯಿರಿ. ನಾನು ಪ್ರತಿ ಚಿತ್ರದಲ್ಲೂ ಮೂರು ಜಾಗ ನೋಡುತ್ತೇನೆ: ಬೆಟ್ಟದ ತುದಿಯ ದೊಡ್ಡ ಬಂಡೆ, ಗೋಡೆ ತಿರುಗುವ ಮೂಲೆ, ಹೊಲದ ಮೊದಲ ಸಾಲು. ಮೂರಕ್ಕೂ ಎರಡೆರಡು ಪದ. ಅಷ್ಟೇ ಸಾಕು, ಅಷ್ಟು ಬೇಕು.

ಮಾತಿನ ಜಾಗ ಬದಲಿಸಿದರೂ ಅದು ಬದಲಾವಣೆಯೇ. ಮೊದಲು ಬರುವ ಮಾತಿಗೆ ಸಾಮಾನ್ಯವಾಗಿ ಒತ್ತು ಹೆಚ್ಚು. ಆವರಣ ಹಾಕಿ `(red soil:1.2)` ಎಂದು ತೂಕ ಕೊಟ್ಟರೂ ಬದಲಾವಣೆ. ಒಂದು ಅಲ್ಪವಿರಾಮ ತೆಗೆದರೂ ಚಿತ್ರ ಅಲುಗಾಡಬಹುದು. ಹಾಗಾಗಿ ಮಾತನ್ನು ಪರದೆಯ ಪೆಟ್ಟಿಗೆಯಲ್ಲೇ ತಿದ್ದುತ್ತಾ ಹೋಗದೆ, ಒಳ್ಳೆಯ ಸಾಲು ಸಿಕ್ಕಾಗಲೆಲ್ಲ ಪೂರ್ತಿ ಮಾತನ್ನು ಒಂದು ನೋಟ್‌ಪ್ಯಾಡ್ ಫೈಲಿಗೆ ಕಾಪಿ ಮಾಡಿಡಿ. ಪುಸ್ತಕದಲ್ಲಿ ವ್ಯತ್ಯಾಸ, ಫೈಲಿನಲ್ಲಿ ಪೂರ್ತಿ ಪಾಠ.

ಸಾಲು 9 ಆದಮೇಲೆ ಡಿನಾಯ್ಸಿಂಗನ್ನು ಮತ್ತೊಮ್ಮೆ ಸ್ವಲ್ಪ ಇಳಿಸಿ ನೋಡಿದೆ, 0.55. ಮಾತು ಸರಿಯಾದ ಮೇಲೆ ಅಷ್ಟು ಜೋರಾಗಿ ಚುಕ್ಕಿ ಎರಚುವ ಅಗತ್ಯ ಇರಲಿಲ್ಲ. ತುದಿಯ ಬಂಡೆ ಫೋಟೊದಲ್ಲಿರುವ ಹಾಗೇ ಎಡಕ್ಕೆ ವಾಲಿತು. ಊರಿನವರು ಬೆಟ್ಟ ಗುರುತು ಹಿಡಿಯುವುದು ಆ ಬಂಡೆಯಿಂದಲೇ. ಅದು ಸಾಲು 10.

ಹಂತ 7: ತಾಯಿ ಬದಲಾದಾಗ ಎಚ್ಚರ

ಬಂದ ಚಿತ್ರವನ್ನೇ ಹೊಸ ಆಧಾರವಾಗಿ ಕೊಟ್ಟು ಮತ್ತೆ ಓಡಿಸಲು ಒಂದು ಗುಂಡಿ ಇದೆ. ಸುಲಭ ಇರುವುದರಿಂದಲೇ ಅಪಾಯ. ಸಾಲು 10ನ್ನು ಹಾಗೆ ಕೊಟ್ಟು, ಡಿನಾಯ್ಸಿಂಗ್ 0.30ಕ್ಕೆ ಇಳಿಸಿ, ಸೀಡ್ ಅದೇ ಬಿಟ್ಟು ಎರಡು ಸಲ ಓಡಿಸಿದೆ. ಮೊದಲ ಸಲ ಸ್ವಲ್ಪ ಗರಿಗರಿಯಾಗಿ ಕಂಡು ಖುಷಿಯಾಯಿತು. ಎರಡನೆಯ ಸಲಕ್ಕೆ ಬಂಡೆಗಳ ಮೇಲೆ ಹುಣ್ಣು ಎದ್ದ ಹಾಗೆ ಗಂಟುಗಳು, ಹಸಿರು ಕಣ್ಣಿಗೆ ಚುಚ್ಚುವಷ್ಟು. ಒಂದೇ ಸೀಡಿನ ಒಂದೇ ಚುಕ್ಕಿ ವಿನ್ಯಾಸ ಅದೇ ಜಾಗದ ಮೇಲೆ ಮತ್ತೆ ಮತ್ತೆ ಬಿದ್ದರೆ ಹೀಗೆ ಸುಟ್ಟ ಹಾಗಾಗುತ್ತದೆ. ಹಾಗೆ ಮಾಡಲೇಬೇಕಾದರೆ ಸೀಡ್ ಬದಲಿಸಿ, ತಾಯಿ ಕಲಮಿನಲ್ಲಿ 'ಆಧಾರ' ತೆಗೆದು '10' ಎಂದು ಬರೆಯಿರಿ.

ಬರೆಯದಿದ್ದರೆ ಏನಾಗುತ್ತದೆ? ಅಂಥ ಮೊಮ್ಮಗ ಚಿತ್ರವನ್ನು ಗಿರಾಕಿ ಒಪ್ಪಿಕೊಂಡರೆ, ಅದರ ಸೀಡ್, ಸೆಟ್ಟಿಂಗು ಎಲ್ಲ ಫೈಲಿನಲ್ಲಿ ಸರಿಯಾಗಿಯೇ ಇರುತ್ತವೆ. ಆದರೆ ಅವನ್ನು ಮೂಲ ಫೋಟೊದ ಮೇಲೆ ಹಾಕಿ ಓಡಿಸಿದರೆ ಬೇರೆಯೇ ಬರುತ್ತದೆ. ಎಲ್ಲ ಅಂಕಿಯೂ ಸರಿ ಇದ್ದು ಚಿತ್ರ ಮಾತ್ರ ಬರುತ್ತಿಲ್ಲ ಎಂದಾಗ ನಾನು ಮೊದಲು ಅನುಮಾನ ಪಡುವುದು ತಾಯಿಯ ಮೇಲೆಯೇ.

ಹಂತ 8: ಮತ್ತೆ ತೆಗೆದು ನೋಡಿದ ಮೇಲೆಯೇ ಒಪ್ಪಿಸಿ

ಆರಿಸಿದ ಸಾಲನ್ನು ಮಾರನೆಯ ದಿನ, ಕಂಪ್ಯೂಟರ್ ಆರಿಸಿ ಹೊಸದಾಗಿ ಶುರು ಮಾಡಿದ ಮೇಲೆ, ಪುಸ್ತಕ ಮತ್ತು ಪೂರ್ತಿ ಮಾತು ಇಟ್ಟ ಫೈಲು ಇವೆರಡನ್ನೇ ನೋಡಿಕೊಂಡು ಮತ್ತೆ ತೆಗೆಯಿರಿ. ಪರದೆಯಲ್ಲಿ ಉಳಿದ ಅಂಕಿ ನಂಬಬೇಡಿ. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಅದೇ ಮೂರು ಜಾಗ ನೋಡಿ.

ಬೇರೆ ಬಂದರೆ ಎಷ್ಟು ಬೇರೆ ಎಂಬುದೇ ಕಾರಣ ಹೇಳುತ್ತದೆ. ಬಂಡೆಯ ಬಿರುಕು, ಎಲೆಯ ಅಂಚಿನಂಥ ಕೂದಲೆಳೆಯ ವ್ಯತ್ಯಾಸವಾದರೆ ಅದು ಗ್ರಾಫಿಕ್ಸ್ ಕಾರ್ಡಿನ ವೇಗಕ್ಕಾಗಿ ಹಾಕಿಕೊಂಡ `xformers` ಥರದ ಸಲಕರಣೆಯದು. ಕೆಲವು ಸಲ ಅವು ಲೆಕ್ಕವನ್ನು ಪ್ರತಿ ಬಾರಿ ತುಸು ಬೇರೆ ಮಾಡುತ್ತವೆ. ಅದನ್ನು ಬಿಟ್ಟುಬಿಡಿ. ಬೆಟ್ಟ ಅದೇ ಇದ್ದು ಬಣ್ಣ ಒಟ್ಟಾರೆ ಮಂಕಾಗಿದ್ದರೆ `VAE` ಬದಲಾಗಿದೆಯೇ ನೋಡಿ. ರಚನೆಯೇ ಬೇರೆಯಾಗಿದ್ದರೆ ಹೆಚ್ಚಾಗಿ ಸೀಡ್, ಡಿನಾಯ್ಸಿಂಗ್, ಅಳತೆ, ಮಾಡೆಲ್, ತಾಯಿ ಈ ಐದರಲ್ಲಿ ಒಂದು ತಪ್ಪಿರುತ್ತದೆ. ಅಳತೆಯನ್ನು 768ರಿಂದ 832ಕ್ಕೆ ಏರಿಸಿದರೂ ಚುಕ್ಕಿಗಳ ವಿನ್ಯಾಸ ಬೇರೆಯಾಗಿ ಚಿತ್ರ ಬೇರೆಯಾಗುತ್ತದೆ ಎಂಬುದನ್ನು ತುಂಬಾ ಜನ ಮರೆಯುತ್ತಾರೆ. ಬೇರೆಯವರ ಕಂಪ್ಯೂಟರಿನಲ್ಲಿ ತೆಗೆದರೆ ಕಾರ್ಡಿಗೆ ಕಾರ್ಡಿಗೆ ವ್ಯತ್ಯಾಸ ಬರಬಹುದು. ಹಾಗಾಗಿ ಪುಸ್ತಕ ಇದೆ ಎಂದು ಒಪ್ಪಿದ ಪಿಎನ್‌ಜಿಯನ್ನು ಅಳಿಸಬೇಡಿ. ಎರಡೂ ಬೇಕು.

ಫೋನಿನ ಕೆಲವು ಆ್ಯಪುಗಳಲ್ಲಿ ಸೀಡ್ ತೋರಿಸುವುದೇ ಇಲ್ಲ. ಅಲ್ಲಿ ಪುಸ್ತಕ ಬರೆದರೂ ಅರ್ಧ ಲೆಕ್ಕ. ಮಾತಿನ ಬದಲಾವಣೆ ಉಳಿಯುತ್ತದೆ, ಚಿತ್ರ ತಿರುಗಿ ಬರುವುದಿಲ್ಲ. ಗಿರಾಕಿಯ ಕೆಲಸಕ್ಕೆ ನಾನು ಅವನ್ನು ಬಳಸುವುದಿಲ್ಲ.

ಕರೆಂಟ್ ಹೋಗಿ ಎಲ್ಲ ಅಳಿಸಿತು ಎಂದರೆ ಒಂದು ಚಿಕ್ಕ ಉಪಾಯ: ಮಾತಿನ ಪೆಟ್ಟಿಗೆ ಖಾಲಿ ಇರುವಾಗ ಪಕ್ಕದ ಬಾಣದ ಗುಂಡಿ ಒತ್ತಿದರೆ ಕೊನೆಯ ಸಲ ಓಡಿಸಿದ ಮಾತು, ಅಂಕಿಗಳು ತಿರುಗಿ ಬರುತ್ತವೆ. ಕೊನೆಯ ಒಂದು ಸಲದ್ದು ಮಾತ್ರ.

ಹಂತ 9: ಮುದ್ರಣಕ್ಕೆ ಹೋಗುವ ತನಕ ಬರೆಯಿರಿ

768x512 ಚಿತ್ರವನ್ನು 300 ಡಿಪಿಐನಲ್ಲಿ ಮುದ್ರಿಸಿದರೆ ಎರಡೂವರೆ ಇಂಚು ಅಗಲ ಬರುತ್ತದೆ, ಬೆಂಕಿಪೊಟ್ಟಣಕ್ಕೆ ಸರಿ. `Extras` ಪುಟದಲ್ಲಿ `R-ESRGAN 4x+` ಬಳಸಿ ನಾಲ್ಕು ಪಟ್ಟು ಮಾಡಿದೆ. 3072x2048 ಆಯಿತು, ಹತ್ತು ಇಂಚಿಗೆ ಸಾಕು. ಇದನ್ನೂ ಸಾಲು 11 ಎಂದು ಬರೆದೆ, ತಾಯಿ 10. ಹೆಸರು, ವಿಳಾಸ, ತಿಂಗಳು ಎಲ್ಲ ಆಮೇಲೆ ಕೋರೆಲ್‌ನಲ್ಲಿ ನುಡಿ ಅಕ್ಷರದಲ್ಲಿ ಕೂರಿಸಿದ್ದು. ಈ ಮಾಡೆಲ್ಲಿನ ಕೈಯಲ್ಲಿ ಕನ್ನಡ ಬರೆಸಲು ಹೋಗಬೇಡಿ, ಕೊಂಬು, ಒತ್ತು ಎಲ್ಲ ಸೇರಿ ಜಿಲೇಬಿ ಆಗುತ್ತದೆ.

ಯಜಮಾನರು ಪ್ರೂಫ್ ನೋಡಿ ಬಂಡೆಯ ಮೇಲೆ ಬೆರಳಿಟ್ಟು "ಹ್ಞೂಂ, ಇದು ನಮ್ದು" ಎಂದರು. ಪ್ರೂಫಿನ ಬೆನ್ನಿಗೆ ಪೆನ್ಸಿಲಿನಲ್ಲಿ '10, 11' ಎಂದು ಬರೆದು ಪುಸ್ತಕದೊಳಗೆ ಇಟ್ಟೆ.

ಈ ವರ್ಷ ಮತ್ತೆ ಬಂದಿದ್ದಾರೆ. ಬೆಟ್ಟ ಅದೇ ಇರಲಿ, ಮೇಲೆ ಮಳೆ ಮೋಡ ಬೇಕು ಅಂತೆ. ಸಾಲು 12ರಲ್ಲಿ ಬರೆದಿರುವುದು ಇಷ್ಟು: ತಾಯಿ ಆಧಾರ, ಸೀಡ್ 3127452, ಡಿನಾಯ್ಸಿಂಗ್ 0.55, ತಿಳಿ ನೀಲಿ ಆಕಾಶ ಹೋಯಿತು, ಕರಿ ಮೋಡ ಬಂತು.